ಹಿಟ್ಟಿನ ಮೇಲೆ ಎರಡು ಗೆರೆ

ನನ್ನ ಹೆಂಡತಿ ನೀಲಾಂಬಿಕೆಯ ಕೆನ್ನೆಯ ಮೇಲಿನ ಆ ಎರಡು ಗೆರೆಗಳು ಈಗಲೂ ನನ್ನ ಕಣ್ಣ ಮುಂದಿವೆ. ನಮ್ಮದು ಹಿಟ್ಟಿನ ಗಿರಣಿ. ಬೆಳಿಗ್ಗೆ ಯಂತ್ರ ಶುರುವಾಗಿ ಅರ್ಧ ಗಂಟೆಯೊಳಗೆ ಗಂಡ ಹೆಂಡತಿ ಇಬ್ಬರ ಮುಖ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗುತ್ತಿದ್ದವು. ಆ ಬಿಳುಪಿನ ಮೇಲೆ ಕಣ್ಣಿನಿಂದ ಗಲ್ಲದವರೆಗೆ ಎರಡು ಗೆರೆ ಇಳಿದಿದ್ದರೆ ಅವಳು ಅತ್ತಿದ್ದಾಳೆಂದು ಬಂದವರಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ಅವಳನ್ನು ಅಳಿಸಿದವರು ಯಾರೆಂದು ಒಬ್ಬರೂ ಕೇಳುತ್ತಿರಲಿಲ್ಲ. ಡಬ್ಬಿ ಹಿಡಿದು ನಿಂತ ಹೆಂಗಸರು ಮೊದಲು ಅವಳ ಮುಖ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು.

ನಾನು ಗಿರಣಿಯಲ್ಲೇ ಬೆಳೆದವನು. ಆ ಸದ್ದಿನಲ್ಲಿ ಕೂಗದಿದ್ದರೆ ಪಕ್ಕದವರಿಗೂ ಮಾತು ಕೇಳುವುದಿಲ್ಲ. ಅಪ್ಪ ನನ್ನನ್ನು ಊಟಕ್ಕೆ ಕರೆದದ್ದೂ ಕೂಗಿ, ಮುದ್ದು ಮಾಡಿದ್ದೂ ಕೂಗಿ. ಹಾಗಾಗಿ ಮನೆಯಲ್ಲೂ ನನ್ನ ಗಂಟಲು ಗಿರಣಿಯ ಗಂಟಲೇ ಆಗಿತ್ತು. ನೀಲಾಳ ತವರಿನಲ್ಲಿ ಅವಳನ್ನು ಯಾರೂ ಗದರಿದವರಲ್ಲ. ಆದರೂ ಅವಳು ಹುಟ್ಟಿದ್ದೇ ಹಾಗೆ. ರವಿಕೆಯ ಹೊಲಿಗೆ ಒರಟಾಗಿದ್ದರೆ ದಿನವಿಡೀ ಚಡಪಡಿಸುವಳು. ಬೀದಿಯಲ್ಲಿ ಯಾರೋ ಕರುವಿಗೆ ಹೊಡೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ನಾನು ಬಾಗಿಲಿನಿಂದ ಒಳಗೆ ಬರುವ ರೀತಿಯಲ್ಲೇ ನನಗೆ ಸುಸ್ತಾಗಿದೆಯೆಂದು, ನನಗಿಂತ ಮೊದಲು, ತಿಳಿದು ನೀರು ತಂದಿಡುತ್ತಿದ್ದವಳೂ ಅವಳೇ.

"ಅದು ಜೋಳದ ಡಬ್ಬಿ, ಗೋಧಿಗೆ ಸುರಿಬೇಡ" ಎಂದು ಕೂಗಿದರೆ ಸಾಕು, ಅವಳ ಕೈ ಇದ್ದಲ್ಲೇ ನಿಲ್ಲುತ್ತಿತ್ತು. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ದೃಷ್ಟಿ ನೆಲಕ್ಕೆ ಹೋಗಿ, ಆಮೇಲೆ ಸಾವಕಾಶವಾಗಿ ಗೆರೆಗಳು ಇಳಿಯುತ್ತಿದ್ದವು.

"ನಾನೇನು ಬೈದೆನಾ?" ಎಂದು ಕೇಳುತ್ತಿದ್ದೆ. "ಹೇಳು, ಒಂದು ಕೆಟ್ಟ ಮಾತು ಆಡಿದೆನಾ?" ಎಂದು ಇನ್ನೂ ಹತ್ತಿರ ಹೋಗುತ್ತಿದ್ದೆ. ನಾನು ಹತ್ತಿರ ಹೋದಷ್ಟೂ ಅವಳು ಒಳಗೆ ಹೋಗುತ್ತಿದ್ದಳು. ಬೈದಿಲ್ಲವೆಂದು ತೋರಿಸುವ ಹಟದಲ್ಲಿ ನನ್ನ ದನಿ ಏರಿ, ಕೊನೆಗೆ ನಿಜವಾಗಿಯೂ ಬೈದಿರುತ್ತಿದ್ದೆ. ಸಂಜೆಯವರೆಗೆ ಅವಳಿಂದ ಮಾತಿಲ್ಲ. ರಾಗಿ ಬೀಸಿಸಲು ಬರುವ ಪುಟ್ಟತಾಯಮ್ಮನವರು ಒಮ್ಮೆ, "ಸ್ವಲ್ಪ ಮೆತ್ತಗೆ ಮಾತಾಡಪ್ಪ, ಹೂವಿನಂಥ ಹುಡುಗಿ" ಎಂದರು. ಅಂದು ನನಗೆ ಉರಿದುಹೋಯಿತು. ಅವಳ ಒಂದೊಂದು ಹನಿಯೂ ನನ್ನ ಮೇಲೆ ಬರೆದ ದೂರಿನ ಹಾಗೆ ಕಾಣುತ್ತಿತ್ತು. ನನ್ನ ಪರವಾಗಿ ಮಾತಾಡುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ.

ಹಾಗಾಗಿ ನಾನು ಮಾತು ಕಡಿಮೆ ಮಾಡಿದೆ. ಪ್ರತಿ ವಾಕ್ಯವನ್ನೂ ಬಾಯಲ್ಲೇ ಅಳೆದು ನೋಡಿ, ಮುಕ್ಕಾಲು ಪಾಲು ನುಂಗಿಬಿಡುತ್ತಿದ್ದೆ. ಸಾರಿಗೆ ಉಪ್ಪಿಲ್ಲದಿದ್ದರೂ ಚೆನ್ನಾಗಿದೆ ಎಂದೆ. ಅವಳು ತಪ್ಪು ಡಬ್ಬಿ ಸುರಿದರೂ ಸುಮ್ಮನಿದ್ದು, ಗಿರಾಕಿಯಿಂದ ನಾನೇ ಬೈಸಿಕೊಂಡೆ. ಗೆರೆಗಳು ನಿಂತವು. ನಾನು ಗೆದ್ದೆನೆಂದುಕೊಂಡೆ. ಆದರೆ ನೀಲಾ ಬೆಚ್ಚುವುದು ಹೆಚ್ಚಾಯಿತು. ನಾನು ಲೋಟ ಕೆಳಗಿಟ್ಟರೂ ತಿರುಗಿ ನೋಡುವಳು. ನನಗೆ ಅವಳ ಅಳುವಿನ ಭಯ, ಅವಳಿಗೆ ನನ್ನ ಮೌನದ ಭಯ. ಒಂದೇ ಸೂರಿನಡಿ ಇಬ್ಬರೂ ಹೆದರಿಕೊಂಡು, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುತ್ತಿದ್ದೆವು.

ಅದು ನಡೆದದ್ದು ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಮೋಟಾರಿನ ಗಾಲಿಯಿಂದ ಬೀಸುವ ಕಲ್ಲಿನ ಗಾಲಿಗೆ ಅಗಲವಾದ ಬೆಲ್ಟು ಓಡುತ್ತಿತ್ತು. ಗಿರಣಿಗೆ ಬರುವ ಮೊದಲು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಬೇಕೆಂಬುದು ಅಪ್ಪನ ಕಾಲದ ಕಟ್ಟುನಿಟ್ಟು. ನೀಲಾ ಬಗ್ಗಿ ಕಸ ಗುಡಿಸುತ್ತಿದ್ದಳು. ಸೆರಗು ಜಾರಿ, ಅದರ ತುದಿ ಬೆಲ್ಟಿನಿಂದ ಒಂದು ಗೇಣು ದೂರದಲ್ಲಿ ಆಡುತ್ತಿತ್ತು.

ನಾನು ನೋಡಿದೆ. ಕೂಗು ಗಂಟಲಿಗೆ ಬಂತು. ಅಲ್ಲಿಗೆ ಬಂದು ನಿಂತಿತು. ಕೂಗಿದರೆ ಅವಳು ಇದ್ದಲ್ಲೇ ಕಲ್ಲಾಗುತ್ತಾಳೆ, ಬೆಲ್ಟಿನ ಪಕ್ಕದಲ್ಲೇ. ಇದು ಒಂದು ಯೋಚನೆ. ಇನ್ನೊಂದನ್ನು ಹೇಳಲು ಇಂದಿಗೂ ನಾಚಿಕೆ: ಮತ್ತೆ ಗೆರೆ, ಮತ್ತೆ ನಾನೇ ಕೆಟ್ಟವನು. ಎರಡು ಉಸಿರಿನಷ್ಟು ಹೊತ್ತು ಹೀಗೆ ಹೋಯಿತು. ಅಷ್ಟರಲ್ಲಿ ಬೆಲ್ಟು ಸೆರಗನ್ನು ಎಳೆದುಕೊಂಡಿತು.

ಸ್ವಿಚ್ಚಿನ ಕಡೆಗೆ ಹಾರಿದ್ದು ನೆನಪಿದೆ. ಯಂತ್ರ ಒಮ್ಮೆಲೇ ನಿಲ್ಲುವುದಿಲ್ಲ, ನಿಧಾನವಾಗಿ ನಿಲ್ಲುತ್ತದೆ. ಆ ನಿಧಾನವನ್ನು ನನ್ನ ಶತ್ರುವಿಗೂ ತೋರಿಸಬೇಡ ದೇವರೇ ಎಂದು ಬೇಡುತ್ತೇನೆ. ಹಳೆಯ ಸೀರೆಯಾದ್ದರಿಂದ ಹರಿಯಿತು. ಅವಳು ಹಿಟ್ಟಿನ ಮೂಟೆಯ ಮೇಲೆ ಬಿದ್ದಳು. ಕುತ್ತಿಗೆಯ ಸುತ್ತ ಕೆಂಪು ಬರೆ, ಮೊಣಕೈ ತರಚು, ಅಷ್ಟೇ.

ಅವಳು ಅಳಲಿಲ್ಲ. ಎದ್ದು ಕೂತು ನನ್ನನ್ನೇ ನೋಡಿದಳು.

"ನೀವು ನೋಡಿದ್ರಿ, ಅಲ್ವಾ?"

"ಹೂಂ."

"ಮತ್ತೆ ಯಾಕೆ ಕೂಗ್ಲಿಲ್ಲ?"

ಅಂಥ ಮೆಲುದನಿಯ ಪ್ರಶ್ನೆಗೆ ಅಷ್ಟು ಹೆದರಿದ್ದು ನಾನು ಬದುಕಿನಲ್ಲಿ ಅದೊಂದೇ ಸಲ. ಅವಳು ತವರಿಗೆ ಹೊರಟುಬಿಡುತ್ತಾಳೆ, ಹೊರಟರೆ ತಡೆಯುವ ಮುಖ ನನಗಿಲ್ಲ ಎನಿಸಿತು. ಆದರೂ ಸುಳ್ಳು ಹೇಳಲಿಲ್ಲ. "ನೀನು ಅಳ್ತೀಯ ಅಂತ" ಎಂದೆ.

ಅವಳು ಬಹಳ ಹೊತ್ತು ಹರಿದ ಸೆರಗನ್ನು ಮಡಿಲಲ್ಲಿ ಮಡಿಸುತ್ತಾ ಕೂತಿದ್ದಳು. ಹಿಂದಿನ ನಾನಾಗಿದ್ದರೆ "ಏನಾದರೂ ಮಾತಾಡು" ಎಂದು ಹತ್ತಿರ ಹೋಗುತ್ತಿದ್ದೆ. ಅಂದು ಇದ್ದಲ್ಲೇ ಕಾದೆ. ಕಾದದ್ದಕ್ಕೇ ಇರಬೇಕು, ಮಾತು ಬಂತು.

"ನಿಮ್ಮ ದನಿ ಜೋರಾದ ಕೂಡ್ಲೇ ನಂಗೆ ಮಾತು ಕೇಳ್ಸೋದು ನಿಂತುಹೋಗುತ್ತೆ ರೀ. ದನಿ ಮಾತ್ರ ಕೇಳುತ್ತೆ. ಬಾಯಿ ತೆರೀಬೇಕು ಅಂದ್ರೂ ಆಗಲ್ಲ. ಬೇಕು ಅಂತ ಮುನಿಸ್ಕೊಂಡು ಕೂರೋದಲ್ಲ ಅದು. ಸ್ವಲ್ಪ ಹೊತ್ತು ಬಿಟ್ರೆ ತಾನಾಗೇ ಸರಿಹೋಗುತ್ತೆ. ಆದ್ರೆ ನೀವು ಬಿಡಲ್ಲ. ಬೈದಿಲ್ಲ ಅಂತ ನನ್ನ ಬಾಯಿಂದ್ಲೇ ಹೇಳಿಸೋ ತನಕ ಬಿಡಲ್ಲ."

"ನಿನ್ನ ಕಣ್ಣೀರು ನೋಡಿದ್ರೆ ನಾನು ತಪ್ಪು ಮಾಡಿದೆ ಅಂತ ಊರೆಲ್ಲ ಹೇಳಿದಂಗಾಗುತ್ತೆ ಕಣೆ."

"ಕಣ್ಣೀರು ನಂದು. ಅದು ಬರುತ್ತೆ, ಹೋಗುತ್ತೆ. ನಿಮ್ಮ ಮೇಲಿನ ದೂರಲ್ಲ. ದೂರಿದ್ರೆ ಬಾಯಿಬಿಟ್ಟು ಹೇಳ್ತೀನಿ. ಇಷ್ಟು ದಿನ ಹೇಳದೇ ಇದ್ದದ್ದು ನನ್ನ ತಪ್ಪು." ಆಮೇಲೆ ಕುತ್ತಿಗೆಯ ಬರೆಯನ್ನು ಮುಟ್ಟಿಕೊಂಡು, "ಈಚೆಗೆ ನೀವು ಸುಮ್ಮನಿದ್ದದ್ದೇ ಇದಕ್ಕಿಂತ ಹೆಚ್ಚು ಹೆದರಿಸಿತ್ತು" ಎಂದಳು.

ಮರುದಿನ ಬೆಳಿಗ್ಗೆ ಗಿರಣಿಯ ಬಾಗಿಲನ್ನು ಗಿರಾಕಿಗಳಿಗೆ ತೆಗೆಯುವ ಮೊದಲೇ ಅವಳು ಬಂದು, ನಿಂತ ಬೆಲ್ಟಿನ ಪಕ್ಕದಲ್ಲಿ ನಿಂತುಕೊಂಡಳು. ಹಿಂದಿನ ದಿನ ಅವಳು ಬಿದ್ದಾಗ ಒಡೆದ ಮೂಟೆಯ ಹಿಟ್ಟು ನೆಲದ ತುಂಬ ಹಾಗೇ ಇತ್ತು.

"ಈಗ ಕೂಗಿ" ಎಂದಳು.

"ಹುಚ್ಚಾ ನಿನಗೆ?"

"ಕೂಗು ಕೇಳಿದ ಕೂಡ್ಲೇ ಒಂದು ಹೆಜ್ಜೆ ಹಿಂದೆ ಬರೋದನ್ನ ಕಲೀಬೇಕು ನಾನು. ಕೂಗಿ. ಆದ್ರೆ ಕೂಗಿದ ಮೇಲೆ ಸುಮ್ಮನಿರಬೇಕು. ಸಮಾಧಾನ ಮಾಡೋದು ಬೇಡ, ಬೈದಿಲ್ಲ ಅನ್ನೋದೂ ಬೇಡ."

"ಸೆರಗು!" ಎಂದು ಕೂಗಿದೆ. ಅವಳು ಕಲ್ಲಾದಳು. ಮುಖ ಖಾಲಿಯಾಯಿತು, ದೃಷ್ಟಿ ನೆಲಕ್ಕೆ ಹೋಯಿತು. ನನ್ನ ನಾಲಿಗೆಯ ತುದಿಗೆ ನೂರು ಮಾತು ಬಂದವು, ಹಲ್ಲು ಕಚ್ಚಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಉಸಿರೆಳೆದುಕೊಂಡು, "ಮತ್ತೆ" ಎಂದಳು. ಎರಡನೆಯ ಸಲವೂ ಕಾಲು ಏಳಲಿಲ್ಲ. ಮೂರನೆಯ ಸಲವೂ ಇಲ್ಲ. ಯಂತ್ರ ನಿಂತಿತ್ತು, ಆದರೂ ನನ್ನ ಕಿವಿಯಲ್ಲಿ ಬೆಲ್ಟು ಓಡುತ್ತಲೇ ಇತ್ತು. ಇದು ಎಂದಿಗೂ ಆಗದಿದ್ದರೆ, ಇನ್ನೊಂದು ದಿನ ಉಟ್ಟ ಸೀರೆ ಹೊಸದಾಗಿದ್ದು ಹರಿಯದಿದ್ದರೆ ಎಂದೇ ಯೋಚಿಸುತ್ತಿದ್ದೆ. ಎಷ್ಟು ಸಲ ಕೂಗಿದೆನೋ ಲೆಕ್ಕವಿಲ್ಲ.

ಹೊರಗೆ ಪುಟ್ಟತಾಯಮ್ಮನವರು ರಾಗಿಯ ಡಬ್ಬಿಯಿಂದ ಬಾಗಿಲು ತಟ್ಟುತ್ತಿದ್ದರು. "ಇನ್ನೊಂದೇ ಸಲ" ಎಂದಳು ನೀಲಾ. ನಾನು ಅಪ್ಪನ ಗಂಟಲಿನಲ್ಲಿ ಕೂಗಿದೆ.

ನೆಲದಿಂದ ಎದ್ದ ಹಿಟ್ಟು ಹತ್ತಿದ ಅವಳ ಕೆನ್ನೆಯ ಮೇಲೆ ಎರಡು ಗೆರೆಗಳು ಇಳಿಯುತ್ತಿದ್ದವು. ನಾನು ಅವನ್ನು ನೋಡುತ್ತಾ ಸುಮ್ಮನೆ ನಿಂತೆ. ಆಮೇಲೆ ಕಣ್ಣು ಕೆಳಗೆ ಹೋಯಿತು. ನೆಲದ ಹಿಟ್ಟಿನಲ್ಲಿ, ಅವಳು ನಿಂತಿದ್ದ ಜಾಗದಲ್ಲಿ ಎರಡು ಪಾದದ ಗುರುತು ಖಾಲಿ ಉಳಿದಿತ್ತು. ಅವಳು ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಇದ್ದಳು.