ಬಾಗಿಲಿಗೆ ಎರಡು ಹಸಿರು

ಒಂದೂರಲ್ಲಿ ಒಂದು ಬಾಗಿಲಿತ್ತಂತೆ. ಹೊರಮೈ ಕಂದು, ಒಳಮೈ ಬಿಳಿ. ಹುಟ್ಟಿದಾಗಿನಿಂದ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರೂ ಆ ಎರಡು ಮುಖಗಳು ಒಂದನ್ನೊಂದು ನೋಡಿಯೇ ಇರಲಿಲ್ಲ. ಅದರ ಹಿಂದೆ ಅಕ್ಕತಂಗಿಯರಿಬ್ಬರು ಬಟ್ಟೆ ಹೊಲಿದುಕೊಂಡಿದ್ದರು.

ಹಾಸಿಗೆ ಹಿಡಿದ ಅಕ್ಕ ನಡುಮನೆಯಿಂದ ಬಾಗಿಲನ್ನೇ ನೋಡುತ್ತ, "ಇದೇನೇ, ಇನ್ನೊಂದು ಗೋಡೆ ಇದ್ದಹಾಗಿದೆ. ಆಚೆ ಮರ ಇದೆ ಅನ್ನೋದೇ ಮರೆತುಹೋಗುತ್ತೆ. ಹೊರಗಿನದು ಒಳಗೆ ಬರೋ ಹಾಗೆ ಬಣ್ಣ ಹೊಡೆಸೇ," ಎಂದಿದ್ದಳು. ತಂಗಿ ಮಾತು ಕೊಟ್ಟಳು. ಆದರೆ ಬಣ್ಣದ ಪಟ್ಟಿ ಹಿಡಿದು ಮೀನಮೇಷ ಎಣಿಸುತ್ತ ಕೂತಳು. ಅಷ್ಟರಲ್ಲಿ ಅಕ್ಕ ಹೊರಟುಹೋದಳು.

ಏಳು ತಿಂಗಳ ಮೇಲೆ ತಂಗಿ ಪೇಂಟರನ್ನು ಕರೆಸಿ, ಟ್ಯೂಬ್‌ಲೈಟಿನ ಕೆಳಗೆ ಪಟ್ಟಿಯ ಮೇಲೆ ಬೆರಳಿಟ್ಟಳು.

"ಈ ಎಲೆಹಸಿರು ಕಣಪ್ಪ. ಬಾಗಿಲಿಗೂ ಕಿಟಕಿ ಚೌಕಟ್ಟಿಗೂ, ಎರಡೂ ಕಡೆ."

"ಅವಸರ ಬೇಡ ಟೈಲರಮ್ಮ. ಅಂಗೈಯಗಲ ಹಚ್ಚಿ ನೋಡೋಣ."

ಹಚ್ಚಿ ನೋಡಿದರೆ, ಹೊರಗೆ ಬಿಸಿಲಲ್ಲಿ ಎಳೆಎಲೆಯಂತಿದ್ದ ಹಸಿರು ಒಳಗೆ ಕಪ್ಪಗೆ ಮುಖ ಊದಿಸಿಕೊಂಡಿತ್ತು. ಅಕ್ಕನಿಗೆ ಕೊಟ್ಟ ಮಾತು ಮತ್ತೆ ಕೈತಪ್ಪಿತೆಂದು ಅವಳು ಪೇಂಟರ್ ಕಡೆ ತಿರುಗಿದಳು.

"ಎರಡು ಡಬ್ಬ ತಂದಿದ್ದೀಯಾ ಹೇಗೆ?"

"ಡಬ್ಬ ಒಂದೇ, ಬೆಳಕು ಎರಡು. ಒಳಗಿನದನ್ನ ಸ್ವಲ್ಪ ತಿಳಿ ಮಾಡಿದ್ರೆ ಕಣ್ಣಿಗೆ ಎರಡೂ ಒಂದೇ ಅನ್ಸುತ್ತೆ. ಹೊರಗೆ ಅರೆಹೊಳಪು ಇರಲಿ, ಧೂಳು ಒರೆಸಿದ್ರೆ ಹೋಗುತ್ತೆ. ಒಳಗೆ ಹೊಳಪೇ ಬೇಡ, ದೀಪ ಹಾಕಿದ್ರೆ ಕಣ್ಣು ಕುಕ್ಕುತ್ತೆ."

ಅವನು ತಿಳಿ ಮಾಡಿ ಹಚ್ಚಿದ್ದನ್ನು ಎರಡು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅವಳು ಒಳಗೂ ಹೊರಗೂ ಓಡಾಡಿ ನೋಡಿ ಹೂಂಗುಟ್ಟಿದಳು. ಉಜ್ಜಿದ್ದಾಯಿತು, ಪ್ರೈಮರ್ ಆಯಿತು, ಒಂದು ಕೋಟೂ ಆಯಿತು. ಕೊನೆಯ ಕೋಟಿನ ಬೆಳಗ್ಗೆ ಪೇಂಟರ್ ಕುಂಚ ಹಿಡಿದು ನಿಂತ.

"ಅಂಚುಗಳಿಗೆ ಯಾವುದು? ಇದು ಒಳಕ್ಕೆ ತೆರೆಯೋ ಬಾಗಿಲು. ತೆರೆದಾಗ ಬೀಗದ ಅಂಚು ಒಳಗಿರೋರಿಗೆ ಕಾಣುತ್ತೆ, ಚೌಕಟ್ಟಿಗೆ ಕೂಡಿಸಿರೋ ಕೀಲಿನ ಅಂಚು ಹೊರಗಿರೋರಿಗೆ. ಆದ್ರೆ ನೀವು ತೆರೆದಿಟ್ಟಿದ್ದನ್ನ ನಾನಂತೂ ನೋಡಿಲ್ಲ. ಮುಚ್ಚೇ ಇಡೋದಾದ್ರೆ ಯಾವುದಾದ್ರೂ ನಡೆಯುತ್ತೆ ಬಿಡಿ."

ಅವಳು ಬಾಗಿಲ ಅಂಚನ್ನು ಮುಟ್ಟಿ ನೋಡಿದಳು. ಅಕ್ಕನನ್ನು ಎತ್ತಿಕೊಂಡು ಹೋದ ದಿನದಿಂದ ಆ ಬಾಗಿಲು ಬಟ್ಟೆಯ ಗಂಟು ದಾಟುವಷ್ಟೇ ತೆರೆಯುತ್ತಿತ್ತು.

"ಬೀಗದ ಕಡೆಗೆ ತಿಳಿ ಹಸಿರು, ಕೀಲಿನ ಕಡೆಗೆ ಗಾಢ," ಎಂದಳು.

"ಹಾಗಾದ್ರೆ ಸಂಜೆವರೆಗೂ ತೆರೆದೇ ಇರಬೇಕು. ಹಸಿ ಇದ್ದಾಗ ಮುಚ್ಚಿದ್ರೆ ಚೌಕಟ್ಟಿಗೆ ಅಂಟಿ ಸಿಪ್ಪೆ ಏಳುತ್ತೆ."

ಅವನು ಬಳಿದು ಹೋದ. ತೆರೆದ ಬಾಗಿಲ ಎದುರು ಅವಳು ಹೊಲಿಗೆ ಯಂತ್ರ ತುಳಿಯುತ್ತ ಕೂತಳು. ಬೀದಿಯವರು ಹಾದುಹೋದರು. ಎದುರುಮನೆಯಾಕೆ ಇಣುಕಿ, "ಅಯ್ಯೋ, ಇಲ್ಲೇ ಇದ್ದೀರಾ? ಮನೆ ಖಾಲಿ ಅನ್ಕೊಂಡಿದ್ದೆ!" ಎಂದಳು. ಒಂದು ಗಳಿಗೆ ನಿಂತು ನಡೆದಳು. ಒಳಗೆ ಯಾರೂ ಬರಲಿಲ್ಲ. ಆದರೆ ತಲೆಯೆತ್ತಿದಾಗಲೆಲ್ಲ ಅವಳ ನೋಟ ಬಾಗಿಲ ಹಸಿರಿನಿಂದ ಜಾರಿ, ಎಲ್ಲೂ ಎಡವದೆ, ಮರದ ಹಸಿರನ್ನು ಸೇರುತ್ತಿತ್ತು. ಒಂದೆರಡು ಸಲ ಯಂತ್ರ ತುಳಿಯುವುದನ್ನೂ ಮರೆತಳು.

ಸಂಜೆ ಪೇಂಟರ್ ಬಂದು ಕೀಲಿನ ಅಂಚಿಗೆ ಬೆರಳ ಬೆನ್ನು ತಾಗಿಸಿದ.

"ಒಣಗಿದೆ ಟೈಲರಮ್ಮ. ಮುಗೀತು."

ಅವಳು ಬಾಗಿಲನ್ನು ಹಾಗೇ ತೆರೆದಿಟ್ಟು ಯಂತ್ರ ತುಳಿಯತೊಡಗಿದಳು.