ಟಿಪ್ಪಣಿಯ ಕಾಲಂ

ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ರೋಗಿಯ ನರಕ್ಕೆ ಔಷಧಿ ಹರಿಸುವ ಪಂಪುಗಳನ್ನು ತಯಾರಿಸುವ ಕಂಪನಿ ಅದು. ಅಲ್ಲಿ ಎಲ್ಲರೂ ಟಿಪ್ಪಣಿ ಅಕ್ಕ ಎಂದು ಕರೆಯುತ್ತಿದ್ದವಳ ಕೆಲಸ ಯಾರಿಗೂ ಹೊಟ್ಟೆಕಿಚ್ಚು ತರುವಂಥದ್ದಲ್ಲ. ಪಂಪಿನ ಪರದೆಯ ಮೇಲಿನ ಸೆಟ್, ಸೇವ್, ಪೋಸ್ಟ್‌ನಂಥ ಇಂಗ್ಲಿಷ್ ಪದಗಳನ್ನು ಒಂದು ಹಾಳೆಗೆ ಇಳಿಸಬೇಕು. ಪ್ರತಿಯೊಂದರ ಪಕ್ಕದ ಕಾಲಂನಲ್ಲಿ, ಇದು ಯಾವ ಪರದೆಯಲ್ಲಿದೆ, ಒತ್ತಿದರೆ ಏನಾಗುತ್ತದೆ ಎಂದು ಅನುವಾದಕರಿಗಾಗಿ ಎರಡು ಸಾಲು ಬರೆಯಬೇಕು. ಅನುವಾದಕರ ಕಣ್ಣಿಗೆ ಪಂಪು ಬೀಳುವುದೇ ಇಲ್ಲ, ಬೀಳುವುದು ಆ ಹಾಳೆ ಮಾತ್ರ. ಪದಗಳು ಅಕಾರಾದಿಯಲ್ಲಿ ಇರುವುದರಿಂದ ಅಕ್ಕಪಕ್ಕ ನೋಡಿ ಊಹಿಸೋಣವೆಂದರೂ ದಾರಿಯಿಲ್ಲ.

ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರು ಹಾಳೆಯನ್ನು ಮುಂದೆ ಕಳಿಸುತ್ತಿರಲಿಲ್ಲ. ಒಳ್ಳೆಯ ನಿಯಮವೇ. ಆದರೆ ಖಾಲಿ ಇದೆಯೋ ಇಲ್ಲವೋ ಎಂದಷ್ಟೇ ನೋಡುವ ಆ ಯಂತ್ರಕ್ಕೆ, ಏನು ತುಂಬಿದ್ದಾರೆ ಎಂಬ ಗೊಡವೆ ಇರಲಿಲ್ಲ. ಹೋದ ವರ್ಷ ನಾನೂರು ಪದ ಒಟ್ಟಿಗೆ ಬಂದು, ಎರಡೇ ದಿನ ಉಳಿದಿದ್ದಾಗ, ಅಕ್ಕ ಮೊದಲ ಸಾಲಿನಲ್ಲಿ ‘ಬಟನ್’ ಎಂದು ಬರೆದು ಕೆಳಗಿನವರೆಗೂ ಎಳೆದುಬಿಟ್ಟಳು. ನಾನೂರು ಟಿಪ್ಪಣಿ ಒಂದು ಕ್ಷಣದಲ್ಲಿ ಮುಗಿದವು. ಎಲ್ಲರೂ ಮಾಡುತ್ತಿದ್ದುದೇ. ಅವಳೇನು ಆಕಾಶದಿಂದ ಇಳಿದವಳಲ್ಲ.

ಆ ಹಾಳೆ ನಿವೃತ್ತ ಶಿಕ್ಷಕರೊಬ್ಬರಿಗೆ ಹೋಯಿತು. ಮೇಷ್ಟ್ರು ಮನೆಯಲ್ಲೇ ಕೂತು, ಕಂಪನಿಯ ಕಂಪ್ಯೂಟರಿನಲ್ಲಿದ್ದ ಹಾಳೆಯನ್ನೇ ಅಂತರ್ಜಾಲದಲ್ಲಿ ತೆರೆದು, ತಮ್ಮ ತಾಯ್ನುಡಿಗೆ ಅನುವಾದ ಮಾಡುತ್ತಿದ್ದರು. ಮೂರನೇ ದಿನ ಫೋನ್ ಮಾಡಿದರು.

“ಏನಮ್ಮಾ, ಎಲ್ಲದಕ್ಕೂ ಬಟನ್ ಅಂತ ಬರೆದಿದ್ದೀಯ. ಬಟನ್ ಅಂತ ನನಗೂ ಗೊತ್ತಾಗತ್ತೆ. ಏನು ಮಾಡೋ ಬಟನ್ನು?”

“ಈಗ ಉಸಿರಾಡೋಕೂ ಪುರುಸೊತ್ತಿಲ್ಲ ಮೇಷ್ಟ್ರೇ. ಸದ್ಯಕ್ಕೆ ನಿಮಗೆ ತೋಚಿದ ಹಾಗೆ ಮಾಡಿ, ಆಮೇಲೆ ಬರೆದು ಹಾಕ್ತೀನಿ.”

ಆಮೇಲೆ ಬರೆಯಲಿಲ್ಲ. ಮೇಷ್ಟ್ರಿಗೆ ತೋಚಿದ್ದು ಸಹಜವಾಗಿಯೇ ಇತ್ತು. ಔಷಧಿ ಹರಿಯುವ ಕೊಳವೆಗಳ ಕಟ್ಟಿಗೂ ಆಸ್ಪತ್ರೆಯಲ್ಲಿ ಸೆಟ್ ಎಂದೇ ಹೆಸರು. ಪರದೆಯ ‘ಸೆಟ್’ ಪದಕ್ಕೆ ಅವರು ‘ಕೊಳವೆ ಸೆಟ್’ ಎಂದು ಬರೆದರು.

ಆ ಭಾಷೆಯ ಪರದೆ ಇದ್ದ ಒಂದು ವಾರ್ಡಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ್ದ ನರ್ಸು ವೈದ್ಯರು ಹೇಳಿದಂತೆ ನಿದ್ರೆ ಔಷಧಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದಳು. ಅಂಕಿ ಒತ್ತಿದಳು. ಪಕ್ಕದಲ್ಲಿದ್ದ ಬಟನ್ ಕೊಳವೆ ಬದಲಿಸುವುದಕ್ಕೆ ಎಂದುಕೊಂಡು ಮುಟ್ಟಲಿಲ್ಲ. ಅಂಕಿ ಬಿದ್ದಿದೆಯಲ್ಲ, ಆಯಿತು ಎಂದು ಮುಂದಿನ ಹಾಸಿಗೆಗೆ ಹೋದಳು. ಸ್ವಲ್ಪ ಹೊತ್ತಿಗೆ ಪರದೆ ಹಳೆಯ ಅಂಕಿಗೇ ಮರಳಿತು. ಹಳೆಯ ಪ್ರಮಾಣವೇ ಹರಿಯುತ್ತಿತ್ತು. ರೋಗಿ ಎರಡು ಮಕ್ಕಳ ತಾಯಿ. ಮತ್ತೆ ಏಳಲಿಲ್ಲ.

ಸುದ್ದಿ ತಲುಪಿದ ದಿನ ವಿಭಾಗದ ಮುಖ್ಯಸ್ಥ ಅಕ್ಕನನ್ನು ಒಳಗೆ ಕರೆದು ಬಾಗಿಲು ಹಾಕಿದ.

“ತನಿಖೆಯವರು ನಾಳೆ ಹಾಳೆ ಕೇಳ್ತಾರೆ. ಅಚ್ಚಾಗಿ ಹೋಗೋದರಲ್ಲಿ ಈಗಿರೋ ಟಿಪ್ಪಣಿ ಮಾತ್ರ ಬರತ್ತೆ, ಯಾವತ್ತು ಬರೆದಿದ್ದು ಅಂತ ಬರಲ್ಲ. ನಾನು ಬರೆ ಅಂತ ಹೇಳ್ತಿಲ್ಲ. ಹೇಗಿದೆಯೋ ಹಾಗೆ ಕಳಿಸಿದರೆ ನಿನ್ನ ಗತಿ ಏನು, ಯೋಚನೆ ಮಾಡು.”

ಎಂಥ ಜಾಣ ನೋಡಿ, ಬಾಯಲ್ಲಿ ಒಂದು ಮಾತೂ ಕೆಡದಂತೆ ಎಲ್ಲ ಹೇಳಿ ಮುಗಿಸಿದ.

ಅಕ್ಕನ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಗಂಡ ಬೆನ್ನು ಮುರಿದುಕೊಂಡು ಮಲಗಿ ಎರಡು ವರ್ಷ. ಈ ಕೆಲಸ ಹೋದರೆ ಇಡೀ ಮನೆ ಬೀದಿಗೆ ಬೀಳುತ್ತದೆ. ಬರೆದರೆ ಮೇಷ್ಟ್ರ ತಲೆಗೆ ಬರುತ್ತದೆ. ಅವಳು ಊಟಕ್ಕೂ ಏಳದೆ ಕೂತು, ಕೊನೆಗೆ ಕೀಲಿಮಣೆಯ ಮೇಲೆ ಬೆರಳು ಇಟ್ಟು ‘ಸೆಟ್’ ಎದುರಿನ ‘ಬಟನ್’ ಅಳಿಸಿದಳು.

‘ಔಷಧಿ ಪ್ರಮಾಣದ ಪರದೆ. ಕ್ರಿಯಾಪದ. ಹೊಸ ಪ್ರಮಾಣವನ್ನು ಜಾರಿಗೆ ತರುವ ಬಟನ್. ಇದನ್ನು ಒತ್ತದಿದ್ದರೆ ಹಳೆಯ ಪ್ರಮಾಣವೇ ಹರಿಯುತ್ತಿರುತ್ತದೆ. ಕೊಳವೆಗಳ ಸೆಟ್ ಅಲ್ಲ. ಅನುವಾದ ಹನ್ನೆರಡು ಅಕ್ಷರ ಮೀರಬಾರದು.’

ಹನ್ನೊಂದು ವರ್ಷದ ಕೆಲಸದಲ್ಲಿ ಅವಳು ಬರೆದ ಅತ್ಯುತ್ತಮ ಟಿಪ್ಪಣಿ ಅದು. ಬರೆಯಲು ಎರಡು ನಿಮಿಷ ಹಿಡಿಯಿತು. ಅನುಮಾನ ಬರದಿರಲೆಂದು ಉಳಿದ ಮುನ್ನೂರ ತೊಂಬತ್ತೊಂಬತ್ತನ್ನೂ ಬೆಳಗಾಗುವುದರೊಳಗೆ ಬರೆದಳು. ಎರಡು ದಿನ ಸಾಲದೆಂದು ಬಿಟ್ಟ ಕೆಲಸ ಒಂದೇ ದಿನದಲ್ಲಿ ಮುಗಿದಿತ್ತು.

ಟಿಪ್ಪಣಿ ಸ್ಪಷ್ಟವಾಗಿತ್ತು, ಅನುವಾದಕರು ಗಮನಿಸಿಲ್ಲ ಎಂದು ತನಿಖೆ ಹೇಳಿತು. ಹಾಳೆಯ ಪ್ರತಿಯನ್ನು ಮೇಷ್ಟ್ರಿಗೂ ಕಳಿಸಿ ವಿವರಣೆ ಕೇಳಿದರು. ಅವರು ಫೋನ್ ಸಂಗತಿ ಎತ್ತಿದರೆ ಏನು ಗತಿ ಎಂದು ಅಕ್ಕ ವಾರವಿಡೀ ಬೆಂಕಿಯ ಮೇಲೆ ಕೂತಂತೆ ಕೂತಳು. ಎಂಟನೇ ದಿನ ಅವರ ಪತ್ರ ಬಂತು, ಕಂಪನಿಗಲ್ಲ, ಅವಳಿಗೇ.

‘ಅಮ್ಮಾ, ತಪ್ಪು ನನ್ನದೇ ಎಂದು ಅವರಿಗೆ ಬರೆದು ಕೊಟ್ಟಿದ್ದೇನೆ. ಆಮೇಲೆ ಬರೆದು ಹಾಕುತ್ತೇನೆ ಎಂದು ಅಂದು ಫೋನಿನಲ್ಲಿ ನೀನು ಹೇಳಿದ್ದೆ, ಮಾತಿನಂತೆ ಒಂದೊಂದಕ್ಕೂ ಎಷ್ಟು ಚೆನ್ನಾಗಿ ಬರೆದಿದ್ದೀಯ. ನಾನೇ ಹಾಳೆಯನ್ನು ಮತ್ತೆ ತೆರೆದು ನೋಡಲಿಲ್ಲ. ಆ ಮಕ್ಕಳ ಮುಖ ಕಣ್ಣಿಗೆ ಕಟ್ಟುತ್ತದೆ. ನಿನ್ನ ಶ್ರಮ ವ್ಯರ್ಥ ಮಾಡಿದೆ, ಕ್ಷಮಿಸು.’