ಹತ್ತೊಂಬತ್ತನೆಯ ಸಾಲು

ಫರಹತ ಕೋಷ್ಟಕದ ಹದಿನೆಂಟನೆಯ ಸಾಲಿನ ಕೊನೆಯ ಚೌಕ ತುಂಬುತ್ತಿದ್ದಳು. ನರ್ಸಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ಮಧ್ಯಾಹ್ನದ ಬಿಸಿಲು ಕಂಪ್ಯೂಟರಿನ ಪರದೆಯ ಮೇಲೇ ಬೀಳುತ್ತಿತ್ತು. ಎದ್ದು ಕಿಟಕಿಯ ಪರದೆ ಎಳೆಯುವಷ್ಟೂ ಪುರುಸೊತ್ತಿರಲಿಲ್ಲ. ಸೋಮವಾರ ಗೈಡ್ ನಿರುಪಮಾ ಮೇಡಂ ಸಹಿ ಹಾಕಿದರೆ ಎಂ.ಎಸ್ಸಿ. ಪ್ರಬಂಧ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಪದವಿ ಸಿಕ್ಕರೆ ಅವಳು ದಾದಿಯಾಗಿದ್ದ ಆಸ್ಪತ್ರೆಯಲ್ಲಿ ಬಡ್ತಿ. ಕಾಲೇಜು, ಆಸ್ಪತ್ರೆ ಎರಡೂ ಒಂದೇ ಆಡಳಿತದವು.

ವಿಷಯವನ್ನು ಅವಳೇ ಆರಿಸಿಕೊಂಡಿದ್ದಳು: ತೀವ್ರ ನಿಗಾ ಘಟಕದಲ್ಲಿ ದಾದಿಯರು ನಿಯಮದಂತೆ ಕೈ ಶುಚಿಗೊಳಿಸಿಕೊಳ್ಳುತ್ತಾರೆಯೆ? ಬೇರೆಯವರು ಈಗಾಗಲೇ ಮಾಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕೆಲಸ. ಮೊದಲ ಸಲ ಕಂಪ್ಯೂಟರಿನಲ್ಲಿ 'ಕೈ ತೊಳೆಯುವುದು' ಎಂದಷ್ಟೇ ಹಾಕಿ ಹುಡುಕಿದಾಗ ಮೇಡಂ ನಕ್ಕಿದ್ದರು. "ಒಂದs ಬಾಗಲಾ ಬಡದು ಇಡೀ ಓಣಿ ಮನ್ಯಾಗಿಲ್ಲ ಅಂದಂಗಾತವಾ." ಆಮೇಲೆ ಒಂದೇ ಅರ್ಥದ ಪದಗಳನ್ನೆಲ್ಲ 'ಅಥವಾ' ಎಂದು ಜೋಡಿಸಿ, ಅವುಗಳ ಮುಂದೆ 'ಮತ್ತು' ಎಂದು ಪಾಲನೆ, ದಾದಿ, ನಿಗಾ ಘಟಕ ಎಂದು ಸೇರಿಸಿ, ಹತ್ತು ವರ್ಷದ ಮಿತಿ ಹಾಕಿ ಹುಡುಕಿದಳು. ನಾನೂರಾ ಹನ್ನೆರಡು ಅಧ್ಯಯನಗಳು ಬಂದವು. ಎರಡೆರಡು ಸಲ ಬಂದ ತೊಂಬತ್ತಾರನ್ನು ತೆಗೆದಳು. ಉಳಿದವುಗಳ ಶೀರ್ಷಿಕೆ, ಸಾರಾಂಶ ನೋಡಿ ನಲವತ್ತಾರನ್ನು ಪೂರ್ತಿ ಓದಿದಳು. ಇಪ್ಪತ್ತೆಂಟನ್ನು ಕಾರಣ ಬರೆದು ಕೈಬಿಟ್ಟಳು. ಯಾರೋ ನಿಂತು ಕಣ್ಣಾರೆ ನೋಡಿ ಎಣಿಸಿದ ಅಧ್ಯಯನ ಮಾತ್ರ ಬೇಕು, ದಾದಿಯರು ತಾವೇ ಹೇಳಿಕೊಂಡದ್ದು ಬೇಡ. ಆ ನಿಯಮ ಬರೆದವಳೂ ಅವಳೇ.

ಹದಿನೆಂಟು ಉಳಿದವು. ಕೋಷ್ಟಕದಲ್ಲಿ ಒಂದೊಂದಕ್ಕೆ ಒಂದೊಂದು ಸಾಲು: ಯಾರು, ಎಲ್ಲಿ, ಎಷ್ಟು ಜನ, ಹೇಗೆ ಅಳೆದರು, ಶೇಕಡಾ ಎಷ್ಟು, ಕೊರತೆ ಏನು. ಅಡ್ಡ ಓದಿದರೆ ಒಂದೊಂದು ಆಸ್ಪತ್ರೆಯ ಕಥೆ. ಕೆಳಗಿಳಿದು ಓದಿದರೆ ಎಲ್ಲ ಆಸ್ಪತ್ರೆಗಳದೂ ಒಂದೇ ಕಥೆ. ಹಾಳೆ ಹಿಡಿದವರು ಎದುರಿಗೇ ನಿಂತಾಗ ಎಂಬತ್ತು, ತೊಂಬತ್ತು. ಹೇಳದೆ ನೋಡಿದಾಗ ಹೆಚ್ಚುಕಡಿಮೆ ಅರ್ಧ.

ನಿರುಪಮಾ ಮೇಡಂ ಬಂದು ಹಿಂದೆ ನಿಂತರು.

"ನಮ್ಮ ದವಾಖಾನಿ ವರದಿ ಎಲ್ಲದ? ಮಕ್ಕಳ ಐಸಿಯುದ್ದು?"

"ಅದು ಪ್ರಕಟ ಆಗಿಲ್ಲರಿ ಮೇಡಂ."

"ಪ್ರಕಟ ಆಗದ್ದೂ ತಗೋಬಹುದು. ತೊಂಬತ್ನಾಕು ಪರ್ಸೆಂಟ್ ಬಂದದ. ದವಾಖಾನಿ ತಪಾಸಣಿಗೆ ಮಂದಿ ಬಂದಾಗ ತೋರಸಲಿಕ್ಕ ಬರ್ತದ. ಹತ್ತೊಂಬತ್ತನೇದು ಮಾಡಿ ಹಾಕು. ವರದಿ ಮಾಡಿದಾಕಿನೂ ನೀನs ಅಲ್ಲೇನು?"

"ಹೌದ್ರಿ."

"ಮತ್ತ? ತನ್ನ ಮನಿ ಊಟಾ ತಾನs ಬ್ಯಾಡ ಅಂತಾರೇನು?" ಮೇಡಂ ಅವಳ ಭುಜ ತಟ್ಟಿ ಹೋದರು.

ಫರಹತ ಹೊಸ ಸಾಲು ತೆರೆದಳು. ಸ್ಥಳ ಬರೆದಳು. ಇನ್ನೂರು ಸಂದರ್ಭ, ಅದರಲ್ಲಿ ಪಾಲಿಸಿದ್ದು ನೂರಾ ಎಂಬತ್ತೆಂಟು ಎಂದು ಬರೆದಳು. 'ಹೇಗೆ ಅಳೆದರು' ಎಂಬಲ್ಲಿ ಕೈ ನಿಂತಿತು.

ಆ ವರದಿ ಮಾಡಿದಾಗ ಮಕ್ಕಳ ಐಸಿಯುವಿನ ಸೋಂಕು ನಿಯಂತ್ರಣ ಅವಳದೇ ಜವಾಬ್ದಾರಿ. ತಿಂಗಳ ಕೊನೆಯ ದಿನ ಸಿಸ್ಟರ್‌ಗಳ ಮೇಜಿನ ಹತ್ತಿರ ಕುಳಿತು, ಚಹಾ ಆರುವುದರೊಳಗೆ ಇನ್ನೂರು ಚೌಕಗಳಿಗೆ ಟಿಕ್ ಹಾಕುತ್ತ ಹೋಗಿದ್ದಳು. ಎಲ್ಲ ವಾರ್ಡಿನಲ್ಲೂ ಹಾಗೇ ಮಾಡುತ್ತಿದ್ದರು. ಹನ್ನೆರಡನ್ನು ಬೇಕೆಂದೇ ಖಾಲಿ ಬಿಟ್ಟಿದ್ದಳು, ನೋಡಿದವರಿಗೆ ಖರೇ ಅನ್ನಿಸಲೆಂದು. ಅದೇ ತಿಂಗಳು ಒಂಬತ್ತು ದಿನ ಮಂಚಗಳ ಪಕ್ಕದ ಸ್ಯಾನಿಟೈಸರ್ ಬಾಟಲಿಗಳು ಬರಿದಾಗಿದ್ದವು. ಇದ್ದ ಒಂದೇ ಸಿಂಕು ಬಾಗಿಲ ಆಚೆ. ಎಂಟು ಕೂಸಿಗೆ ಇಬ್ಬರು ದಾದಿಯರು. ಆ ತಿಂಗಳು ಮೂರು ಕೂಸುಗಳು ರಕ್ತಕ್ಕೆ ಸೋಂಕು ಏರಿ ಸತ್ತವು. ಮೂರರಲ್ಲೂ ಒಂದೇ ರೋಗಾಣು.

ಮೂರನೆಯದು ಗರಗದ ಸಂಗವ್ವನ ಮೊಮ್ಮಗಳು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಳ್ಳುವ ಮೊದಲು ಸಂಗವ್ವ ಕೇಳಿದ್ದಳು:

"ಬಾಯಾರ, ನಾ ಒಂದs ಸರ್ತಿ ಕೈ ತೊಳಕೊಳ್ಳದ ಇದರ ಕಾಲ ಮುಟ್ಟಿದ್ನಿರಿ. ಗೋಡಿ ಮ್ಯಾಲ ಬರದೀರಲ್ಲ, ಕೈ ತೊಳಕೋರಿ ಅಂತ. ನನಗ ಓದಾಕ ಬರಾಂಗಿಲ್ಲ. ಅದಕ್ಕs ಹಿಂಗ ಆತೇನ್ರಿ?"

ಫರಹತ ಆಗ ರಿಜಿಸ್ಟರಿನಲ್ಲಿ ಸಾವಿನ ಹೊತ್ತು ಬರೆಯುತ್ತಿದ್ದಳು. ಇಲ್ಲ ಎನ್ನಲಿಲ್ಲ. ಸಹಿ ಎಲ್ಲಿ ಮಾಡಬೇಕೆಂದು ಮಾತ್ರ ತೋರಿಸಿದಳು. ಸಂಗವ್ವ ಹೆಬ್ಬೆಟ್ಟು ಒತ್ತಿ, ಮಸಿ ಹತ್ತಿದ ಆ ಬೆರಳನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಮತ್ತೆ.

ಪರದೆಯ ಮೇಲೆ ಹತ್ತೊಂಬತ್ತನೆಯ ಸಾಲು ಅರ್ಧ ತುಂಬಿ ನಿಂತಿತ್ತು. 'ನೇರ ವೀಕ್ಷಣೆ'. ಎರಡೇ ಪದ ಬರೆದರೆ ಸಾಕು.

ಫರಹತ ಆ ಸಾಲನ್ನು ಅಳಿಸಿದಳು. ಕೈಬಿಟ್ಟ ಅಧ್ಯಯನಗಳ ಪಟ್ಟಿ ತೆರೆದು ಇಪ್ಪತ್ತೊಂಬತ್ತನೆಯದಾಗಿ ಆ ವರದಿಯನ್ನು ಸೇರಿಸಿದಳು. ಕಾರಣದ ಚೌಕದಲ್ಲಿ ಬರೆದಳು: 'ವೀಕ್ಷಣೆ ನಡೆದಿಲ್ಲ. ಈ ಪ್ರಬಂಧದ ಲೇಖಕಿಯೇ ಕುಳಿತಲ್ಲಿ ತುಂಬಿದ್ದು.' ಪೂರ್ತಿ ಓದಿದ್ದು ನಲವತ್ತಾರಲ್ಲ, ನಲವತ್ತೇಳು ಎಂದು ತಿದ್ದಿದಳು. ಒಳಗೆ ಉಳಿದದ್ದು ಹದಿನೆಂಟೇ.

ಲಕಮನಹಳ್ಳಿಯ ಗ್ಯಾರೇಜಿನಿಂದ ಗಂಡ ಮುಜಾಫರ ಫೋನು ಮಾಡಿದ. "ಮುಗೀತೇನು ನಿನ್ನ ಸಾಲಿ?"

"ಮುಗೀತ್ರಿ."

"ಮತ್ಯಾಕ ದನಿ ಹಿಂಗೈತಿ? ಐತವಾರ ಅಕ್ಕನ ಮನೀಗ ಹೋಗೂಣೇನು?"

"ನೀವ ಹೋಗಿ ಬರ್ರಿ. ನಂದು ಒಂದೀಟ ಕೆಲಸ ಐತಿ."

ಸೋಮವಾರ ಸಹಿ ಸಿಗಲಿಕ್ಕಿಲ್ಲ. ಆ ಪಟ್ಟಿಯನ್ನು ಓದಲು ಸಂಗವ್ವನಿಗೆ ಬರುವುದಿಲ್ಲ, ಹೋಗಿಯೇ ಹೇಳಬೇಕು. ಗರಗಕ್ಕೆ ಧಾರವಾಡದಿಂದ ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆಂದು ವಿಚಾರಿಸಬೇಕು ಎಂದುಕೊಂಡು ಫರಹತ ಕಂಪ್ಯೂಟರ್ ಆರಿಸಿದಳು.